‘ಲಿ’ ಸೇರಿಸಿದ್ದಕ್ಕೇ ತಪ್ಪಾಯಿತು: ಗುಡ್–ವೆಲ್, ಹಾರ್ಡ್–ಹಾರ್ಡ್ಲಿ ಗೊಂದಲ

ಪ್ರಶ್ನೆ: ನನ್ನ ಮಗಳು ಏಳನೇ ತರಗತಿ. ಇಂಗ್ಲಿಷ್ ಪರೀಕ್ಷೆಯಲ್ಲಿ ‘ಮೈ ಸಿಸ್ಟರ್ ಸಿಂಗ್ಸ್ ಗುಡ್’ ಅಂತ ಬರೆದಿದ್ದಳು, ತಪ್ಪು ಹಾಕಿದರು. ಕ್ರಿಯಾಪದದ ಜೊತೆ ಗುಡ್ ಬರಲ್ಲ, ವೆಲ್ ಬರಬೇಕು, ಬೇರೆ ಪದಗಳಿಗೆ ‘ಲಿ’ ಸೇರಿಸಬೇಕು ಅಂತ ನಾನೇ ಕೂರಿಸಿಕೊಂಡು ಹೇಳಿಕೊಟ್ಟೆ. ಮುಂದಿನ ಪರೀಕ್ಷೆಯಲ್ಲಿ ‘ದಿ ಸೂಪ್ ಟೇಸ್ಟ್ಸ್ ವೆಲ್’, ‘ದಿ ಗಾರ್ಡನ್ ಲುಕ್ಸ್ ಬ್ಯೂಟಿಫುಲಿ’, ‘ಐ ಸ್ಟಡೀಡ್ ಹಾರ್ಡ್ಲಿ’ ಅಂತ ಬರೆದಿದ್ದಾಳೆ. ಮೂರಕ್ಕೂ ಕೆಂಪು ಗೆರೆ. ನಾನು ಹೇಳಿಕೊಟ್ಟಿದ್ದೇ ತಪ್ಪಾ? ಯಾರಾದರೂ ‘ಹೌ ಆರ್ ಯೂ’ ಅಂದರೆ ‘ಐ ಆಮ್ ಗುಡ್’ ಅಂತಾಳೆ. ಅದೂ ತಪ್ಪಾ?

ಉತ್ತರ: ನೀವು ಹೇಳಿಕೊಟ್ಟಿದ್ದು ಅರ್ಧ ಸರಿ. ನಿಮ್ಮ ಮಗಳು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಾಳೆ, ಅದಕ್ಕೇ ಮೂರು ತಪ್ಪಾಗಿದೆ. ಈ ಮೂರೂ ಒಂದೇ ಬಗೆಯ ತಪ್ಪಲ್ಲ. ಸೂಪ್ ಮತ್ತು ಗಾರ್ಡನ್ ವಾಕ್ಯಗಳದ್ದು ಒಂದು ಕಾರಣ, ಹಾರ್ಡ್ಲಿಯದ್ದು ಬೇರೆಯೇ ಕಾರಣ. ಎರಡನ್ನೂ ಒಟ್ಟಿಗೆ ತಿದ್ದಲು ಹೋದರೆ ಇನ್ನೊಂದು ಹೊಸ ತಪ್ಪು ಹುಟ್ಟುತ್ತದೆ. ಹಾಗಾಗಿ ಒಂದೊಂದಾಗಿ ನೋಡೋಣ.

ಮೊದಲು ಸೂಪ್. ಈ ತಪ್ಪು ಅಜಾಗರೂಕತೆಯಿಂದ ಆಗಿದ್ದಲ್ಲ. ಎಚ್ಚರದಿಂದ ಯೋಚಿಸಿ ಬರೆಯುವ ಕನ್ನಡದ ಮಕ್ಕಳೇ ಇದನ್ನು ಜಾಸ್ತಿ ಮಾಡುತ್ತಾರೆ. ಯಾಕೆ ಅಂತ ತಿಳಿಯಲು ನಮ್ಮ ಭಾಷೆಯನ್ನೇ ಸ್ವಲ್ಪ ಗಮನಿಸಿ.

‘ಒಳ್ಳೆ ಹಾಡು’ ಅನ್ನುತ್ತೇವೆ, ‘ಚೆನ್ನಾಗಿ ಹಾಡುತ್ತಾಳೆ’ ಅನ್ನುತ್ತೇವೆ. ‘ಒಳ್ಳೆ ಹಾಡುತ್ತಾಳೆ’ ಅಂತ ಮೂರು ವರ್ಷದ ಮಗುವೂ ಹೇಳುವುದಿಲ್ಲ. ಅಂದರೆ ಹೆಸರಿನ ಮುಂದೆ ಬರುವ ಪದ ಬೇರೆ, ಕೆಲಸ ಹೇಗೆ ನಡೆಯಿತು ಅಂತ ಹೇಳುವ ಪದ ಬೇರೆ ಅನ್ನುವ ತಿಳಿವಳಿಕೆ ನಿಮ್ಮ ಮಗಳಿಗೆ ಮಾತು ಕಲಿತಾಗಲೇ ಬಂದಿದೆ. ಅಡ್ಜೆಕ್ಟಿವ್ ಮತ್ತು ಅಡ್ವರ್ಬ್ ಅಂದರೆ ಅದೇ. ‘ಸಿಂಗ್ಸ್ ಗುಡ್’ ಅಂತ ಅವಳು ಬರೆದದ್ದು ಗುಡ್ ಅನ್ನುವ ಪದ ಮೊದಲು ಕಲಿತು ನಾಲಿಗೆಗೆ ಅಂಟಿಕೊಂಡಿದ್ದರಿಂದ. ಅದಕ್ಕೆ ನೀವು ಕೊಟ್ಟ ಮದ್ದು ಸರಿಯಾಗಿಯೇ ಇತ್ತು: ಗುಡ್ ಅಂದರೆ ಒಳ್ಳೆಯ, ವೆಲ್ ಅಂದರೆ ಚೆನ್ನಾಗಿ. ‘ಎ ಗುಡ್ ಸಾಂಗ್’, ‘ಶಿ ಸಿಂಗ್ಸ್ ವೆಲ್’.

ಈಗ ಅದೇ ಕನ್ನಡದಲ್ಲಿ ಸೂಪಿನ ಬಗ್ಗೆ ಹೇಳಿ ನೋಡಿ. ‘ಸೂಪ್ ಚೆನ್ನಾಗಿದೆ.’ ಬಿಡಿಸಿದರೆ ಚೆನ್ನಾಗಿ, ಇದೆ. ತೋಟದ ಬಗ್ಗೆ ಹೇಳಿ. ‘ತೋಟ ಸುಂದರವಾಗಿ ಕಾಣುತ್ತದೆ.’ ಇಲ್ಲೂ ‘ಆಗಿ’ ಬಂತು, ಅಲ್ವಾ? ಹಾಲು ಬಿಸಿಯಾಗಿದೆ, ನೀರು ತಣ್ಣಗಿದೆ, ದಿಂಬು ಮೆತ್ತಗಿದೆ. ವಸ್ತು ಹೇಗಿದೆ ಅಂತ ಹೇಳುವಾಗಲೂ, ಕೆಲಸ ಹೇಗೆ ನಡೆಯಿತು ಅಂತ ಹೇಳುವಾಗಲೂ ಕನ್ನಡ ಒಂದೇ ರೂಪ ಬಳಸುತ್ತದೆ. ಇಂಗ್ಲಿಷ್ ಹಾಗೆ ಮಾಡುವುದಿಲ್ಲ. ಚೆನ್ನಾಗಿ ಅಂದರೆ ವೆಲ್ ಅಂತ ಕಲಿತ ಮಗು ‘ಸೂಪ್ ಚೆನ್ನಾಗಿದೆ’ ಅನ್ನುವುದನ್ನು ಪ್ರಾಮಾಣಿಕವಾಗಿ ಇಂಗ್ಲಿಷಿಗೆ ತಂದರೆ ಬರುವುದು ‘ದಿ ಸೂಪ್ ಟೇಸ್ಟ್ಸ್ ವೆಲ್’ ಅಂತಲೇ. ಸುಂದರವಾಗಿ ಅಂದರೆ ಬ್ಯೂಟಿಫುಲಿ ಅಂತ ಕಲಿತಿದ್ದರೆ ‘ಲುಕ್ಸ್ ಬ್ಯೂಟಿಫುಲಿ’ ಅಂತಲೇ.

ಇಂಗ್ಲಿಷಿನಲ್ಲಿ ಕೆಲವು ಕ್ರಿಯಾಪದಗಳು ಕೆಲಸವನ್ನು ಹೇಳುವುದಿಲ್ಲ, ಎರಡು ಕಡೆಗಳನ್ನು ಜೋಡಿಸುತ್ತವೆ. ಈಸ್, ಸೀಮ್, ಬಿಕಮ್ ಆ ಜಾತಿಯವು. ಲುಕ್, ಟೇಸ್ಟ್, ಸ್ಮೆಲ್, ಫೀಲ್, ಸೌಂಡ್ ಅನ್ನುವ ಐದು ಇಂದ್ರಿಯದ ಪದಗಳೂ ಬಹಳ ಸಲ ಇದೇ ಕೆಲಸ ಮಾಡುತ್ತವೆ. ವ್ಯಾಕರಣದಲ್ಲಿ ಇವಕ್ಕೆ ಲಿಂಕಿಂಗ್ ವರ್ಬ್ ಅನ್ನುತ್ತಾರೆ. ಗಣಿತದ ಸಮ ಚಿಹ್ನೆ ಇದ್ದ ಹಾಗೆ. ಸೂಪ್ ಸಮ ಗುಡ್, ತೋಟ ಸಮ ಬ್ಯೂಟಿಫುಲ್. ಆ ಕಡೆಗೆ ಬರುವ ಪದ ಸೂಪನ್ನು, ತೋಟವನ್ನು ಬಣ್ಣಿಸುತ್ತಿದೆ. ಸೂಪ್, ತೋಟ ಎರಡೂ ಹೆಸರುಗಳು. ಹೆಸರನ್ನು ಬಣ್ಣಿಸಲು ಬೇಕಾದದ್ದು ಅಡ್ಜೆಕ್ಟಿವ್. ಅದಕ್ಕೇ ‘ದಿ ಸೂಪ್ ಟೇಸ್ಟ್ಸ್ ಗುಡ್’, ‘ದಿ ಗಾರ್ಡನ್ ಲುಕ್ಸ್ ಬ್ಯೂಟಿಫುಲ್’.

ಮಗಳಿಗೆ ಇದನ್ನು ಹೇಳುವಾಗ ಒಂದು ಪ್ರಶ್ನೆ ಕೇಳಿ: ರುಚಿ ನೋಡುತ್ತಿರುವುದು ಯಾರು? ಸೂಪಿಗೆ ನಾಲಿಗೆ ಇಲ್ಲ. ಸೂಪ್ ಏನೂ ಕೆಲಸ ಮಾಡುತ್ತಿಲ್ಲ, ಸುಮ್ನೆ ಬಟ್ಟಲಲ್ಲಿದೆ. ಕೆಲಸವೇ ಇಲ್ಲದ ಮೇಲೆ ಅದು ಹೇಗೆ ನಡೆಯಿತು ಅಂತ ಹೇಳುವ ಪದ ಯಾಕೆ? ಈ ಮಾತು ಹೇಳಿದ ಕೂಡಲೇ ಮಕ್ಕಳ ಮುಖ ಅರಳುವುದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಇಲ್ಲಿ ಒಂದು ತೊಡಕಿದೆ. ಇದೇ ಐದು ಪದಗಳು ಕೆಲವು ವಾಕ್ಯಗಳಲ್ಲಿ ನಿಜವಾಗಿ ಕೆಲಸವನ್ನೇ ಹೇಳುತ್ತವೆ. ‘ಶಿ ಲುಕ್ಡ್ ಆ್ಯಂಗ್ರಿ’ ಸರಿ. ‘ಶಿ ಲುಕ್ಡ್ ಆ್ಯಂಗ್ರಿಲಿ ಅಟ್ ದಿ ಡಾಗ್’ ಅದೂ ಸರಿ. ಲುಕ್ ನಂತರ ಯಾವಾಗಲೂ ಅಡ್ಜೆಕ್ಟಿವ್ ಅಂತ ಬಾಯಿಪಾಠ ಮಾಡಿಸಿದರೆ ಎರಡನೆಯದರಲ್ಲಿ ಮತ್ತೆ ಎಡವುತ್ತಾಳೆ. ಹಾಗಾದರೆ ಗುರುತಿಸುವುದು ಹೇಗೆ?

ನಮ್ಮನ್ನು ತಪ್ಪು ದಾರಿಗೆ ಎಳೆದ ಕನ್ನಡವೇ ಇಲ್ಲಿ ದಾರಿ ತೋರಿಸುತ್ತದೆ. ಇಂಗ್ಲಿಷಿನ ಒಂದೇ ಲುಕ್‌ಗೆ ಕನ್ನಡದಲ್ಲಿ ಎರಡು ಕ್ರಿಯಾಪದಗಳಿವೆ. ‘ಅವಳು ಕೋಪಗೊಂಡ ಹಾಗೆ ಕಂಡಳು.’ ‘ಅವಳು ನಾಯಿಯನ್ನು ಕೋಪದಿಂದ ನೋಡಿದಳು.’ ಕಾಣುವುದು ಬೇರೆ, ನೋಡುವುದು ಬೇರೆ. ಉಳಿದವನ್ನೂ ಪರೀಕ್ಷಿಸಿ. ಟೇಸ್ಟ್ ಅಂದರೆ ಒಂದು ಕಡೆ ರುಚಿ ಇರುವುದು, ಇನ್ನೊಂದು ಕಡೆ ರುಚಿ ನೋಡುವುದು. ಸ್ಮೆಲ್ ಅಂದರೆ ವಾಸನೆ ಬರುವುದು, ಇಲ್ಲವೇ ಮೂಸಿ ನೋಡುವುದು. ಫೀಲ್ ಅಂದರೆ ಅನಿಸುವುದು, ಇಲ್ಲವೇ ಮುಟ್ಟಿ ನೋಡುವುದು. ನೋಡಿ, ಯಾರೋ ಬೇಕೆಂದೇ ಕೆಲಸ ಮಾಡುವ ಕಡೆಯಲ್ಲೆಲ್ಲ ಕನ್ನಡದಲ್ಲಿ ‘ನೋಡು’ ಬಂದು ಕೂರುತ್ತದೆ. ಮಗಳಿಗೆ ಹೇಳಲು ಇಷ್ಟೇ ಸಾಕು: ವಾಕ್ಯವನ್ನು ಕನ್ನಡದಲ್ಲಿ ಹೇಳಿಕೋ. ‘ನೋಡು’ ಬಂದರೆ ಅಡ್ವರ್ಬ್. ಕಾಣು, ಇರು, ಬರು, ಅನಿಸು ಬಂದರೆ ಅಡ್ಜೆಕ್ಟಿವ್.

‘ದಿ ಡಾಕ್ಟರ್ ಫೆಲ್ಟ್ ಮೈ ಆರ್ಮ್ ಕೇರ್‌ಫುಲಿ.’ ಡಾಕ್ಟರು ಕೈ ಮುಟ್ಟಿ ನೋಡಿದರು, ಆದ್ದರಿಂದ ಕೇರ್‌ಫುಲಿ. ‘ಮೈ ಆರ್ಮ್ ಫೆಲ್ಟ್ ಕೋಲ್ಡ್.’ ಕೈ ತಣ್ಣಗೆ ಅನಿಸಿತು, ಆದ್ದರಿಂದ ಕೋಲ್ಡ್. ಕೋಲ್ಡ್ಲಿ ಅಲ್ಲ. ಸೌಂಡ್‌ಗೆ ಮಾತ್ರ ಈ ಉಪಾಯ ಅಷ್ಟು ಬೇಕಾಗುವುದಿಲ್ಲ. ಶಾಲೆಯ ವಾಕ್ಯಗಳಲ್ಲಿ ಅದು ಹೆಚ್ಚಾಗಿ ‘ಕೇಳಿಸು’ ಅನ್ನುವ ಅರ್ಥದಲ್ಲೇ ಬರುತ್ತದೆ: ‘ಯುವರ್ ಪ್ಲಾನ್ ಸೌಂಡ್ಸ್ ಗುಡ್.’

ಪಠ್ಯದಲ್ಲಿ ಹೇಳಿಕೊಡುವ ಇನ್ನೊಂದು ಉಪಾಯವೂ ನಿಮಗೆ ಗೊತ್ತಿರಬಹುದು. ಕ್ರಿಯಾಪದಕ್ಕೆ ‘ಹೇಗೆ’ ಅಂತ ಪ್ರಶ್ನೆ ಹಾಕು, ಉತ್ತರವಾಗಿ ಬರುವ ಪದ ಅಡ್ವರ್ಬ್. ಓಡು, ಹಾಡು, ಬರೆ ಇಂಥವಕ್ಕೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಸೂಪ್ ಹೇಗಿದೆ, ತೋಟ ಹೇಗೆ ಕಾಣುತ್ತದೆ ಅಂತಲೂ ಕೇಳಬಹುದಲ್ಲ! ಅಲ್ಲೇ ಈ ಉಪಾಯ ಕೈಕೊಡುತ್ತದೆ. ಇಂಗ್ಲಿಷಿನಲ್ಲೂ ‘ಹೌ ಡಸ್ ಇಟ್ ಟೇಸ್ಟ್’ ಅಂತಲೇ ಕೇಳುತ್ತಾರೆ. ‘ಹೇಗೆ’ ಪ್ರಶ್ನೆಯನ್ನು ಬಿಡಬೇಕಿಲ್ಲ. ಅದಕ್ಕೆ ಮೊದಲು ಇನ್ನೊಂದು ಪ್ರಶ್ನೆ ಇರಲಿ: ಇಲ್ಲಿ ಯಾರಾದರೂ ಏನಾದರೂ ಮಾಡುತ್ತಿದ್ದಾರಾ?

ಕ್ರಿಯಾಪದದ ಜಾಗದಲ್ಲಿ ಈಸ್ ಹಾಕಿ ನೋಡುವ ಪದ್ಧತಿಯೂ ಇದೆ. ‘ದಿ ಗಾರ್ಡನ್ ಲುಕ್ಸ್ ಬ್ಯೂಟಿಫುಲ್’ ಬದಲು ‘ದಿ ಗಾರ್ಡನ್ ಈಸ್ ಬ್ಯೂಟಿಫುಲ್’ ಅಂದರೆ ಅರ್ಥ ಹೆಚ್ಚುಕಡಿಮೆ ಅದೇ ಉಳಿಯಿತು, ಹಾಗಾಗಿ ಅಡ್ಜೆಕ್ಟಿವ್ ಸರಿ. ಇದೂ ಒಳ್ಳೆಯದೇ. ಆದರೆ ಮಕ್ಕಳು ‘ಮೈ ಸಿಸ್ಟರ್ ಈಸ್ ಗುಡ್’ ಕೂಡ ಸರಿಯಾದ ವಾಕ್ಯ ಅಲ್ವಾ, ಹಾಗಾದರೆ ‘ಸಿಂಗ್ಸ್ ಗುಡ್’ ಯಾಕೆ ತಪ್ಪು ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ವಾಕ್ಯ ಸರಿಯಾಯಿತಾ ಅಂತಲ್ಲ, ಅರ್ಥ ಉಳಿಯಿತಾ ಅಂತ ನೋಡಬೇಕು. ಸಿಂಗ್ಸ್ ತೆಗೆದ ಕೂಡಲೇ ಹಾಡೇ ಮಾಯವಾಯಿತು. ಅಕ್ಕ ಒಳ್ಳೆಯವಳು ಅನ್ನುವುದಷ್ಟೇ ಉಳಿಯಿತು.

ಇನ್ನು ಹಾರ್ಡ್ಲಿ. ಈ ತಪ್ಪು ನನಗೆ ಹೆಚ್ಚು ನೋವು ಕೊಡುವಂಥದ್ದು, ಯಾಕೆಂದರೆ ಮಗು ಹೇಳಬೇಕೆಂದುಕೊಂಡದ್ದು ಒಂದು, ಓದುವವರಿಗೆ ತಲುಪಿದ್ದು ಅದರ ಉಲ್ಟಾ. ಕಷ್ಟಪಟ್ಟು ಓದಿದೆ ಅಂತ ಬರೆಯಲು ಹೋಗಿ ನಾನು ಓದಿದ್ದೇ ಇಲ್ಲ ಅನ್ನುವಷ್ಟು ಕಡಿಮೆ ಅಂತ ಬರೆದ ಹಾಗಾಯಿತು.

ಅಡ್ಜೆಕ್ಟಿವ್‌ಗೆ ‘ಲಿ’ ಸೇರಿಸಿದರೆ ಅಡ್ವರ್ಬ್ ಅನ್ನುವ ಸೂತ್ರವೇ ಇಲ್ಲಿ ಮುಳುವಾದದ್ದು. ಸ್ಲೋ, ಸ್ಲೋಲಿ. ಕ್ವಿಕ್, ಕ್ವಿಕ್ಲಿ. ನೂರಾರು ಪದಗಳಿಗೆ ಸೂತ್ರ ಸರಿ. ಆದರೆ ಹಾರ್ಡ್ ಮತ್ತು ಫಾಸ್ಟ್ ತಾವೇ ಅಡ್ಜೆಕ್ಟಿವ್, ತಾವೇ ಅಡ್ವರ್ಬ್. ‘ಎ ಹಾರ್ಡ್ ಸ್ಟೋನ್’, ‘ಶಿ ವರ್ಕ್ಸ್ ಹಾರ್ಡ್’. ‘ಎ ಫಾಸ್ಟ್ ಕಾರ್’, ‘ಹಿ ರನ್ಸ್ ಫಾಸ್ಟ್’. ಫಾಸ್ಟ್ಲಿ ಅನ್ನುವ ಪದ ಇವತ್ತಿನ ಇಂಗ್ಲಿಷಿನಲ್ಲಿ ಬಳಕೆಯಲ್ಲೇ ಇಲ್ಲ.

ಇದು ಹೀಗೇಕೆ ಅಂತ ಮಕ್ಕಳು ಕೇಳಿದರೆ ‘ಅದು ಹಾಗೇ’ ಅಂತ ಬಾಯಿ ಮುಚ್ಚಿಸಬೇಕಿಲ್ಲ, ಕಾರಣ ಇದೆ. ಸಾವಿರ ವರ್ಷದ ಹಿಂದಿನ ಹಳೆ ಇಂಗ್ಲಿಷಿನಲ್ಲಿ ಅಡ್ವರ್ಬ್ ಮಾಡಲು ಪದದ ಕೊನೆಗೆ ‘ಎ’ ಅನ್ನುವ ಸಣ್ಣ ಸ್ವರ ಸೇರಿಸುತ್ತಿದ್ದರು. ಹಾರ್ಡ್‌ನ ಹಳೆಯ ರೂಪಕ್ಕೂ ಆ ಬಾಲ ಇತ್ತು. ಮುಂದಿನ ಶತಮಾನಗಳಲ್ಲಿ ಕೊನೆಯ ಆ ಸ್ವರ ಉಚ್ಚಾರಣೆಯಿಂದ ಉದುರಿಹೋಯಿತು. ಬಾಲ ಹೋದ ಮೇಲೆ ಅಡ್ವರ್ಬ್ ಮತ್ತು ಅಡ್ಜೆಕ್ಟಿವ್ ಒಂದೇ ಥರ ಕಾಣತೊಡಗಿದವು. ಹಾರ್ಡ್, ಫಾಸ್ಟ್ ಹೀಗೆ ಉಳಿದುಕೊಂಡ ಪದಗಳು.

ಹಾಗಾದರೆ ಹಾರ್ಡ್ಲಿ ಎಲ್ಲಿಂದ ಬಂತು? ಅದೂ ಹಾರ್ಡ್‌ನಿಂದಲೇ ಹುಟ್ಟಿದ್ದು. ಒಂದು ಕಾಲಕ್ಕೆ ಗಟ್ಟಿಯಾಗಿ, ಬಲವಾಗಿ ಅಂತಲೇ ಅರ್ಥ ಇತ್ತು. ಆಮೇಲೆ ಕಷ್ಟದಿಂದ ಅನ್ನುವ ಅರ್ಥ ಮೇಲೆ ಬಂತು. ಕಷ್ಟದಿಂದ ಆಗುವ ಕೆಲಸ ಆಗದೇ ಇರುವುದೇ ಹೆಚ್ಚು. ಹಾಗೆ ಜಾರುತ್ತಾ ಜಾರುತ್ತಾ ‘ಇಲ್ಲವೇ ಇಲ್ಲ ಅನ್ನಬಹುದು’ ಅನ್ನುವಲ್ಲಿಗೆ ಬಂದು ನಿಂತಿತು. ಇದೇನು ವಿಚಿತ್ರ ಅನಿಸಿದರೆ ನಾವು ದಿನಾ ಆಡುವ ಮಾತು ನೆನಪು ಮಾಡಿಕೊಳ್ಳಿ. ‘ಈ ಮಳೆಯಲ್ಲಿ ಅವನು ಬರೋದು ಕಷ್ಟ.’ ಅಂದರೆ ಅವನು ಕಷ್ಟಪಟ್ಟು ಬರುತ್ತಾನೆ ಅಂತಲಾ? ಅಲ್ಲ, ಬರುವುದಿಲ್ಲ ಅಂತ. ಕಷ್ಟ ಅನ್ನುವ ಪದ ನಮ್ಮ ಬಾಯಲ್ಲೂ ‘ಇಲ್ಲ’ದ ಹತ್ತಿರ ಹೋಗಿ ಕೂತಿದೆ. ಹಾರ್ಡ್ಲಿ ಹೋದದ್ದೂ ಅದೇ ದಾರಿಯಲ್ಲಿ. ‘ಕಷ್ಟಪಟ್ಟು’ ಅಂದರೆ ಹಾರ್ಡ್, ‘ಬರೋದು ಕಷ್ಟ’ ಅನ್ನುವಾಗಿನ ‘ಕಷ್ಟ’ ಅಂದರೆ ಹಾರ್ಡ್ಲಿ. ಈ ಒಂದು ಹೋಲಿಕೆ ಹೇಳಿದರೆ ಮಕ್ಕಳು ಆಮೇಲೆ ಮರೆಯುವುದು ಕಡಿಮೆ.

ಚೆಂಡಿನ ಉದಾಹರಣೆ ತೆಗೆದುಕೊಂಡು ಹತ್ತಿರದಿಂದ ನೋಡಿ. ‘ಹಿ ಹಿಟ್ ದಿ ಬಾಲ್ ಹಾರ್ಡ್.’ ಚೆಂಡಿಗೆ ಜೋರಾಗಿ ಬಾರಿಸಿದ, ಅದು ದೂರ ಹೋಗಿ ಬಿತ್ತು. ‘ಹಿ ಹಾರ್ಡ್ಲಿ ಹಿಟ್ ದಿ ಬಾಲ್.’ ಬ್ಯಾಟಿನ ಅಂಚು ತಾಗಿತೋ ಇಲ್ಲವೋ, ಚೆಂಡು ಕಾಲಬುಡದಲ್ಲೇ ಬಿತ್ತು. ಪದ ಬದಲಾದ ಜೊತೆಗೆ ಜಾಗವೂ ಬದಲಾಗಿರುವುದನ್ನು ಗಮನಿಸಿ. ಹಾರ್ಡ್ ಕ್ರಿಯಾಪದದ ಹಿಂದೆ, ವಾಕ್ಯದ ಕೊನೆಯ ಕಡೆಗೆ ನಿಂತಿದೆ. ಹಾರ್ಡ್ಲಿ ಕ್ರಿಯಾಪದಕ್ಕಿಂತ ಮುಂಚೆ ಬಂದಿದೆ. ಸಹಾಯಕ ಕ್ರಿಯಾಪದ ಇದ್ದರೆ ಅದರ ನಂತರ: ‘ಐ ಕ್ಯಾನ್ ಹಾರ್ಡ್ಲಿ ಹಿಯರ್ ಯೂ.’ ಮಗಳು ಬರೆದ ವಾಕ್ಯದಲ್ಲಿ ಹಾರ್ಡ್ಲಿ ಕೊನೆಯಲ್ಲಿದೆ ಅಲ್ವಾ? ಅಂದರೆ ಅವಳ ಮನಸ್ಸಿನಲ್ಲಿ ಇದ್ದದ್ದು ಹಾರ್ಡ್, ಜಾಗವೂ ಹಾರ್ಡ್‌ನದ್ದೇ. ‘ಲಿ’ ಮಾತ್ರ ಸೂತ್ರದ ಭಯಕ್ಕೆ ಬಂದು ಸೇರಿಕೊಂಡಿದೆ. ಹೀಗೆ ಕೊನೆಯಲ್ಲಿ ಒಂಟಿಯಾಗಿ ನಿಂತ ಹಾರ್ಡ್ಲಿ ಕಂಡರೆ ಅದನ್ನು ಒಮ್ಮೆ ಅನುಮಾನದಿಂದ ನೋಡಲು ಅವಳಿಗೆ ಕಲಿಸಿ.

ಇನ್ನೊಂದು ಗುರುತು. ಹಾರ್ಡ್ಲಿಯ ಹೊಟ್ಟೆಯೊಳಗೆ ಆಗಲೇ ಒಂದು ‘ಇಲ್ಲ’ ಇದೆ. ಅದಕ್ಕೆ ಅದರ ಜೊತೆ ನಾಟ್ ಬರುವುದಿಲ್ಲ. ‘ಐ ಕಾಂಟ್ ಹಾರ್ಡ್ಲಿ ಹಿಯರ್’ ಅಂತ ಕೆಲವರ ಮಾತಿನಲ್ಲಿ ಕೇಳಿಬರುತ್ತದೆ, ಪರೀಕ್ಷೆಯಲ್ಲಿ ಅದು ತಪ್ಪು. ‘ದೇರ್ ವಾಸ್ ಹಾರ್ಡ್ಲಿ ಎನಿ ವಾಟರ್’ ಅನ್ನುವಲ್ಲಿ ಸಮ್ ಬದಲು ಎನಿ ಬಂದಿರುವುದೂ ಆ ‘ಇಲ್ಲ’ದ ಕಾರಣಕ್ಕೇ. ಅನುಮಾನ ಬಂದಾಗ ಹಾರ್ಡ್ಲಿ ತೆಗೆದು ಅದರ ಜಾಗದಲ್ಲಿ ಆಲ್ಮೋಸ್ಟ್ ನಾಟ್ ಅನ್ನುವ ಅರ್ಥ ಇಟ್ಟು ನೋಡಲಿ. ‘ಬಹುತೇಕ ಓದಲೇ ಇಲ್ಲ’ ಅಂತ ಹೇಳುವುದು ತನ್ನ ಉದ್ದೇಶವಾ? ಅಲ್ಲದಿದ್ದರೆ ‘ಲಿ’ ಅಳಿಸಲಿ.

‘ಲಿ’ ಇದ್ದದ್ದೆಲ್ಲ ಅಡ್ವರ್ಬ್ ಅನ್ನುವ ಉಲ್ಟಾ ನಂಬಿಕೆಯೂ ನಿಲ್ಲುವುದಿಲ್ಲ. ಫ್ರೆಂಡ್ಲಿ, ಲವ್ಲಿ, ಲೋನ್ಲಿ ಎಲ್ಲ ಅಡ್ಜೆಕ್ಟಿವ್‌ಗಳು. ಈ ‘ಲಿ’ಯ ಮೂಲದಲ್ಲಿ ದೇಹ, ಆಕಾರ ಅನ್ನುವ ಅರ್ಥ ಇತ್ತು. ‘ಹಾಗೆ’ ಅನ್ನುವ ಅರ್ಥದ ಲೈಕ್ ಪದಕ್ಕೂ ಅದಕ್ಕೂ ನೆಂಟಸ್ತನ ಇದೆ. ನಮ್ಮ ‘ಅಂಥ’ ಇದ್ದ ಹಾಗೆ: ಫ್ರೆಂಡ್ಲಿ ಅಂದರೆ ಗೆಳೆಯನಂಥ. ಹಾಗಾಗಿ ‘ಹಿ ಸ್ಪೋಕ್ ಫ್ರೆಂಡ್ಲಿ’ ಬರುವುದಿಲ್ಲ, ‘ಹಿ ಸ್ಪೋಕ್ ಇನ್ ಎ ಫ್ರೆಂಡ್ಲಿ ವೇ’ ಅನ್ನಬೇಕು. ಹಾರ್ಡ್ಲಿಯ ಹಾಗೆ ದಾರಿ ಬದಲಿಸಿದ ಪದಗಳು ಇನ್ನೂ ಇವೆ. ಲೇಟ್ ಅಂದರೆ ತಡವಾಗಿ, ಲೇಟ್ಲಿ ಅಂದರೆ ಇತ್ತೀಚೆಗೆ. ನಿಯರ್ ಅಂದರೆ ಹತ್ತಿರ, ನಿಯರ್ಲಿ ಅಂದರೆ ಹೆಚ್ಚುಕಡಿಮೆ. ಅವನ್ನು ಈಗಲೇ ಮಗಳ ತಲೆಗೆ ತುಂಬಬೇಡಿ.

ಯಾಕೆ ಬೇಡ ಅಂದರೆ, ಇಂಥ ಜೋಡಿಗಳನ್ನು ಪಕ್ಕಪಕ್ಕದಲ್ಲಿ ಪಟ್ಟಿ ಮಾಡಿ ಕಲಿಸಿದಾಗ ಗೊಂದಲ ಹೆಚ್ಚುವುದನ್ನೇ ನಾನು ಕಂಡಿದ್ದೇನೆ. ಎರಡೂ ಒಟ್ಟಿಗೆ ನೆನಪಾಗುತ್ತವೆ, ಯಾವುದು ಯಾವುದು ಅಂತ ಮಾತ್ರ ನೆನಪಾಗುವುದಿಲ್ಲ. ನಾನು ಹಾರ್ಡ್ ಅನ್ನು ವರ್ಕ್, ಟ್ರೈ, ಸ್ಟಡಿ, ಹಿಟ್, ಪುಷ್ ಜೊತೆ ಮೊದಲು ಕಲಿಸುತ್ತೇನೆ. ‘ವರ್ಕ್ ಹಾರ್ಡ್’, ‘ಟ್ರೈ ಹಾರ್ಡ್’ ಒಂದೇ ಉಸಿರಿಗೆ ಬರುವ ತನಕ. ಎರಡು ಮೂರು ವಾರ ಬಿಟ್ಟು ಹಾರ್ಡ್ಲಿಯನ್ನು ತರುತ್ತೇನೆ. ಆಗ ಹಾರ್ಡ್ ಹೆಸರೇ ಎತ್ತುವುದಿಲ್ಲ. ಆಲ್ಮೋಸ್ಟ್, ನೆವರ್ ಇವುಗಳ ಪಕ್ಕ ಇಟ್ಟು, ಇದೊಂದು ಬೇರೆ ಪದ ಅನ್ನುವಂತೆ ಪರಿಚಯಿಸುತ್ತೇನೆ: ‘ಹಾರ್ಡ್ಲಿ ಎನಿ’, ‘ಹಾರ್ಡ್ಲಿ ಎವರ್’. ಇದರಲ್ಲಿ ಒಂದು ನಷ್ಟ ಇದೆ, ಸಮಯ ಹಿಡಿಯುತ್ತದೆ. ಪರೀಕ್ಷೆ ನಾಳೆ ಇದ್ದರೆ ಈ ದಾರಿ ಆಗುವುದಿಲ್ಲ. ಆಗ ಚೆಂಡಿನ ಎರಡು ವಾಕ್ಯಗಳನ್ನಷ್ಟೇ ನೆನಪಿಡಲು ಹೇಳಿ.

ಬಿಟ್ಟ ಸ್ಥಳ ತುಂಬುವ ಅಭ್ಯಾಸದ ಬಗ್ಗೆಯೂ ಎಚ್ಚರ. ಎರಡು ಪದ ಕೊಟ್ಟು ಒಂದನ್ನು ಆರಿಸು ಅಂದಾಗ ಮಗುವಿಗೆ ಇದು ಗುಡ್–ವೆಲ್ ಪ್ರಶ್ನೆ ಅಂತ ಮೊದಲೇ ಗೊತ್ತಿರುತ್ತದೆ. ಹತ್ತಕ್ಕೆ ಹತ್ತು ಬರುತ್ತದೆ. ಅದೇ ಮಗು ಪತ್ರ ಬರೆಯುವಾಗ ಮತ್ತೆ ತಪ್ಪುತ್ತದೆ. ಅದರ ಬದಲು ಮಗಳ ಉತ್ತರಪತ್ರಿಕೆಯನ್ನೇ ಮುಂದಿಟ್ಟುಕೊಳ್ಳಿ. ಕೆಂಪು ಗೆರೆ ಬಿದ್ದ ಒಂದೊಂದು ವಾಕ್ಯದ ಕೆಳಗೆ, ತಾನು ಏನು ಹೇಳಬೇಕೆಂದಿದ್ದೆ ಅನ್ನುವುದನ್ನು ಅವಳು ಕನ್ನಡದಲ್ಲಿ ಬರೆಯಲಿ. ಆಮೇಲೆ ಯಾರಾದರೂ ಏನಾದರೂ ಮಾಡುತ್ತಿದ್ದಾರಾ ಅಂತ ಕೇಳಿಕೊಂಡು ಇಂಗ್ಲಿಷನ್ನು ತಾನೇ ತಿದ್ದಲಿ. ನೀವು ಉತ್ತರ ಹೇಳಬೇಡಿ. ಮುಂದಿನ ವಾರ ಅದೇ ಪದಗಳು ಬರುವಂಥ ಐದಾರು ಸಾಲು ಏನನ್ನಾದರೂ ಸ್ವಂತವಾಗಿ ಬರೆಸಿ, ಯಾವ ಪದವನ್ನು ಪರೀಕ್ಷಿಸುತ್ತಿದ್ದೀರಿ ಅಂತ ಹೇಳದೆ. ಅಲ್ಲಿ ಸರಿ ಬಂದರೆ ನಿಜಕ್ಕೂ ಬಂದಿದೆ ಅಂತ ಅರ್ಥ.

ಕೊನೆಗೆ ‘ಐ ಆಮ್ ಗುಡ್’. ತಪ್ಪಲ್ಲ. ಆಮ್ ಕೂಡ ಈಸ್ ಜಾತಿಯ ಜೋಡಿಸುವ ಪದ, ಅದರ ಪಕ್ಕ ಗುಡ್ ಬರುವುದಕ್ಕೆ ವ್ಯಾಕರಣದ ಅಡ್ಡಿ ಇಲ್ಲ. ಸಲಿಗೆಯ ಮಾತಿನಲ್ಲಿ ಇಂಗ್ಲಿಷ್ ಆಡುವವರು ಧಾರಾಳವಾಗಿ ಹಾಗೆ ಹೇಳುತ್ತಾರೆ. ‘ಐ ಆಮ್ ವೆಲ್’ ಕೂಡ ಸರಿ. ಆದರೆ ಇಲ್ಲಿನ ವೆಲ್ ‘ಚೆನ್ನಾಗಿ’ ಅನ್ನುವ ಅಡ್ವರ್ಬ್ ಅಲ್ಲ. ಆರೋಗ್ಯವಾಗಿರುವ ಅನ್ನುವ ಅರ್ಥದ ಅಡ್ಜೆಕ್ಟಿವ್. ವೆಲ್‌ಗೆ ಈ ಎರಡನೇ ವೇಷ ಇರುವುದರಿಂದಲೇ ‘ಯೂ ಲುಕ್ ವೆಲ್’ ಸರಿಯಾಗುತ್ತದೆ, ‘ಸೂಪ್ ಟೇಸ್ಟ್ಸ್ ವೆಲ್’ ಆಗುವುದಿಲ್ಲ. ಮನುಷ್ಯರಿಗೆ ಆರೋಗ್ಯ ಇರುತ್ತದೆ, ಸೂಪಿಗೆ ಇಲ್ಲ. ಶಾಲೆಯ ಬರವಣಿಗೆಯಲ್ಲಿ ‘ಐ ಆಮ್ ವೆಲ್’ ಅಥವಾ ‘ಐ ಆಮ್ ಫೈನ್’ ಬರೆದರೆ ಯಾರ ತಕರಾರೂ ಇರುವುದಿಲ್ಲ.

ತಿದ್ದಬೇಕಾದದ್ದು ಇದ್ದರೆ ‘ಐ ಡಿಡ್ ಗುಡ್ ಇನ್ ದಿ ಟೆಸ್ಟ್’ ಅನ್ನುವುದನ್ನು ತಿದ್ದಿ. ಮಾತಿನಲ್ಲಿ ಇದೂ ಕಿವಿಗೆ ಬೀಳುತ್ತದೆ, ಬರವಣಿಗೆಯಲ್ಲಿ ಅಂಕ ಹೋಗುತ್ತದೆ. ಇಲ್ಲಿ ಡಿಡ್ ನಿಜವಾದ ಕೆಲಸ, ಚೆನ್ನಾಗಿ ಮಾಡಿದೆ ಅಂತ ಅರ್ಥ, ಆದ್ದರಿಂದ ‘ಐ ಡಿಡ್ ವೆಲ್’. ‘ಡೂ ಗುಡ್’ ಅಂದರೆ ಬೇರೆಯವರಿಗೆ ಒಳ್ಳೇದು ಮಾಡುವುದು. ಒಳ್ಳೇದು ಮಾಡುವುದಕ್ಕೂ ಚೆನ್ನಾಗಿ ಮಾಡುವುದಕ್ಕೂ ಏನು ವ್ಯತ್ಯಾಸ ಅಂತ ಮಗಳನ್ನೇ ಕೇಳಿ. ಅದನ್ನು ಅವಳು ನಿಮಗೆ ಹೇಳಿಕೊಡುತ್ತಾಳೆ.